ತಪ್ಪಿಸಬಹುದಾಗಿತ್ತು ಮೇಡಂ ಮತ್ತು ಹದಿನೇಳನೇ ರಸ್ತೆ

ಆಫೀಸಿನಲ್ಲಿ ಎಲ್ಲರೂ ಅವರನ್ನು ಬೆನ್ನ ಹಿಂದೆ ಕರೆಯುತ್ತಿದ್ದದ್ದು 'ತಪ್ಪಿಸಬಹುದಾಗಿತ್ತು ಮೇಡಂ' ಎಂದೇ. ಮೂವತ್ತೊಂದು ವರ್ಷದ ಲೆಕ್ಕಪರಿಶೋಧನೆಯ ನೌಕರಿಯಲ್ಲಿ ಅವರು ವರದಿಗಳಲ್ಲಿ ಬರೆದ ಆಕ್ಷೇಪಣೆಯ ಕಂಡಿಕೆಗಳಲ್ಲಿ ಮುಕ್ಕಾಲು ಪಾಲು 'ಈ ವೆಚ್ಚವನ್ನು ತಪ್ಪಿಸಬಹುದಾಗಿತ್ತು' ಎಂಬ ವಾಕ್ಯದಲ್ಲೇ ಮುಗಿಯುತ್ತಿದ್ದವು. ಈ ಅಡ್ಡಹೆಸರು ಅವರ ಕಿವಿಗೆ ಬಿದ್ದಿಲ್ಲವೆಂದು ಆಫೀಸಿನವರು ಗಟ್ಟಿಯಾಗಿ ನಂಬಿದ್ದರು. ಬಿದ್ದು ಹದಿನೈದು ವರ್ಷವಾಗಿತ್ತು, ಅವರಿಗೆ ಅದರಲ್ಲಿ ಒಳಗೊಳಗೇ ಖುಷಿಯೂ ಇತ್ತು.

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಅವರ ಗಂಡ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ತಮಾಷೆ ಮಾಡದೆ ತುತ್ತು ಇಳಿಯದ ಆಸಾಮಿ. ಊಟಕ್ಕೆ ಎರಡನೇ ಪಲ್ಯ ಬಂದ ದಿನ ತಟ್ಟೆ ನೋಡಿ, "ಇದನ್ನ ತಪ್ಪಿಸಬಹುದಾಗಿತ್ತು ಅಲ್ವೇನೇ?" ಅನ್ನುತ್ತಿದ್ದರು. ಮೇಡಂ ಸೌಟು ಹಿಡಿದುಕೊಂಡೇ, "ಮೂವತ್ತೆರಡು ವರ್ಷದ ಹಿಂದೆ ಇನ್ನೂ ಒಂದನ್ನ ತಪ್ಪಿಸಬಹುದಾಗಿತ್ತು, ಆಗ ನನಗೆ ಆಡಿಟ್ ಗೊತ್ತಿರ್ಲಿಲ್ಲ" ಎಂದು ಉತ್ತರ ಕೊಡುತ್ತಿದ್ದರು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವರ ಬ್ಯಾಗಿನಲ್ಲಿ ಯಾವಾಗಲೂ ಮೂರು ವಸ್ತು ಇರುತ್ತಿದ್ದವು: ಮೂವತ್ತು ಮೀಟರಿನ ಅಳತೆ ಟೇಪು, ಒಂದು ಬಣ್ಣಗೆಟ್ಟ ಛತ್ರಿ, ಹಸಿವಾದಾಗ ತಿನ್ನಲು ಬಿಸ್ಕತ್ತಿನ ಪೊಟ್ಟಣ. ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ಅವರ ಪಾಲಿಗೆ ಬಂದದ್ದು ಗ್ರಾಮೀಣ ರಸ್ತೆ ಯೋಜನೆಯ ಕಾರ್ಯನಿರ್ವಹಣಾ ಲೆಕ್ಕಪರಿಶೋಧನೆ. ಹೆಸರು ಉದ್ದವಾದರೂ ವಿಷಯ ಸರಳ. ಬಿಲ್ಲು, ವೋಚರು ಸರಿ ಇವೆಯೋ ಇಲ್ಲವೋ ಎಂದು ನೋಡಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ಮೂರು ಪ್ರಶ್ನೆ ಕೇಳಬೇಕು. ಕಲ್ಲು, ಡಾಂಬರು, ಕೂಲಿ ಇವನ್ನು ಗುಣಮಟ್ಟ ಕೆಡಿಸದೆ ಸರಿಯಾದ ಬೆಲೆಗೆ ತಂದರೋ? ಅದು ಮಿತವ್ಯಯ. ತಂದದ್ದರಲ್ಲಿ ಹೇಳಿದ ಸಮಯಕ್ಕೆ ಹೇಳಿದಷ್ಟು ರಸ್ತೆ ಬಂತೋ? ಅದು ದಕ್ಷತೆ. ಕೊನೆಗೆ, ಬಂದ ರಸ್ತೆಯಿಂದ ಜನರಿಗೆ ಆಗಬೇಕಾದದ್ದು ಆಯಿತೋ? ಅದು ಪರಿಣಾಮ. ಮೊದಲ ಎರಡಕ್ಕೆ ಉತ್ತರ ಬಹುಪಾಲು ಕಡತದಲ್ಲಿ ಸಿಗುತ್ತದೆ. ಮೂರನೆಯದಕ್ಕೆ ಛತ್ರಿ ಹಿಡಿದು ಹೊರಡಬೇಕು.

ಮುನ್ನೂರು ಚಿಲ್ಲರೆ ರಸ್ತೆಗಳಲ್ಲಿ ಇಪ್ಪತ್ತನಾಲ್ಕನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಿಂದ ಆರಿಸಿದ್ದರು. ಪಟ್ಟಿಯಲ್ಲಿ ಹದಿನೇಳನೆಯದು ಹೆದ್ದಾರಿಯಿಂದ ಆರು ಕಿಲೋಮೀಟರ್ ಒಳಗೆ ಹೋಗಿ ಒಂದು ಸಣ್ಣ ಊರಿನಲ್ಲಿ ಮುಗಿಯುವ ರಸ್ತೆ. ಆಚೆಗೆ ದಾರಿಯಿಲ್ಲ, ಬರೀ ಹೊಲ.

ಆ ರಸ್ತೆಗೆ ಅದನ್ನು ಮಾಡಿಸಿದ ಇಲಾಖೆಯ ಇಂಜಿನಿಯರೇ ಮುಂದೆ ನಿಂತು ಕರೆದುಕೊಂಡು ಹೋದ. ಮೂವತ್ತೈದರ ಹರೆಯದ, ಇಸ್ತ್ರಿ ಮುರಿಯದ ಅಂಗಿಯ ಉತ್ಸಾಹಿ. ಅಂದಾಜಿಗಿಂತ ನೂರಕ್ಕೆ ಎಂಟು ಪಾಲು ಕಡಿಮೆ ಖರ್ಚಿನಲ್ಲಿ, ಹನ್ನೆರಡು ತಿಂಗಳ ಬದಲು ಹತ್ತೇ ತಿಂಗಳಲ್ಲಿ ಕೆಲಸ ಮುಗಿಸಿದ್ದಕ್ಕೆ ಅವನಿಗೆ ಇಲಾಖೆ ಪ್ರಶಸ್ತಿಪತ್ರ ಕೊಟ್ಟಿತ್ತು. ಅದು ಅವನ ಕುರ್ಚಿಯ ಹಿಂದೆ, ಗಾಜಿನ ಚೌಕಟ್ಟಿನಲ್ಲಿ, ಬಂದವರ ಕಣ್ಣಿಗೆ ಹೊಡೆಯುವ ಎತ್ತರದಲ್ಲಿ ತೂಗುತ್ತಿತ್ತು.

ಮೇಡಂ ನಂಬುವವರಲ್ಲ. ನಾಲ್ಕು ಕಡೆ ರಸ್ತೆಯ ಅಂಚು ಅಗೆಸಿ, ಗುಂಡಿಯ ಪಕ್ಕ ಕೂತು ಪದರ ಪದರವಾಗಿ ಅಳೆದರು. ಮೇಲಿನ ಡಾಂಬರು, ಅದರ ಕೆಳಗೆ ಎರಡು ಪದರ ಜಲ್ಲಿ, ತಳದ ಗ್ರಾವೆಲ್, ಎಲ್ಲವೂ ಅಳತೆ ಪುಸ್ತಕದಲ್ಲಿ ಬರೆದಷ್ಟೇ ದಪ್ಪ ಇದ್ದವು. ಒಂದು ಕಡೆ ಅರ್ಧ ಸೆಂಟಿಮೀಟರ್ ಹೆಚ್ಚೇ ಇತ್ತು. ಅಗಲ ಮೂರು ಮುಕ್ಕಾಲು ಮೀಟರ್, ನಕ್ಷೆಯಲ್ಲಿದ್ದಂತೆಯೇ. ಜಲ್ಲಿ ಬಂದದ್ದು ಅತಿ ಹತ್ತಿರದ ಕ್ವಾರಿಯಿಂದ. ದೂರದ ಕ್ವಾರಿ ತೋರಿಸಿ ಸಾಗಣೆ ಬಿಲ್ಲು ಉಬ್ಬಿಸುವ ಹಳೇ ಚಾಳಿಯೂ ಇಲ್ಲ.

"ಏನೂ ಸಿಗ್ಲಿಲ್ವಾ ಮೇಡಂ?" ಅವರ ಸಹಾಯಕ ಪಿಸುಗುಟ್ಟಿದ. ಅವನು ಕ್ಯಾಮೆರಾ ಹೊತ್ತು ಅವರ ಹಿಂದೆ ಆರು ವರ್ಷದಿಂದ ಓಡಾಡುತ್ತಿದ್ದ ಸೋಮಾರಿ ಮುಖದ, ಚುರುಕು ಕಣ್ಣಿನ ಮನುಷ್ಯ.

"ಸಿಗೋಕೆ ಏನಿದೆ? ರಸ್ತೆ ಚೆನ್ನಾಗಿದೆ. ಚೆನ್ನಾಗಿದೆ ಅಂತ ಬರೀತೀವಿ" ಅಂದರು ಮೇಡಂ. ಆದರೆ ಮುಖ ಮಾತ್ರ ಸ್ವಲ್ಪ ಸಪ್ಪೆಯಾಗಿತ್ತು. ಆಡಿಟ್‌ನವರಿಗೆ ತಪ್ಪು ಸಿಗದ ದಿನ ಮಧ್ಯಾಹ್ನದ ಊಟ ರುಚಿಸುವುದಿಲ್ಲ. ಇದು ಅವರ ಸಂಕಟ, ನಾವು ನಗಬಾರದು.

ಮೂರನೇ ಪ್ರಶ್ನೆ ಬಾಕಿಯಿತ್ತು. ಯೋಜನಾ ವರದಿಯಲ್ಲಿ, 'ರಸ್ತೆಯಾದ ಮೇಲೆ ಊರಿಗೆ ದಿನಕ್ಕೆ ಎರಡು ಬಾರಿ ಬಸ್ಸು ಬರುವುದು, ಶಾಲೆ, ಆಸ್ಪತ್ರೆ, ಪೇಟೆಗೆ ಹೋಗುವ ಸಮಯ ಅರ್ಧಕ್ಕಿಳಿಯುವುದು' ಎಂದು ಬರೆದಿತ್ತು. ಹಾಗಾಗಿ ಒಂದು ಸಾಮಾನ್ಯ ದಿನ, ಒಂದು ಸಂತೆಯ ದಿನ, ಬೆಳಿಗ್ಗೆ ಆರರಿಂದ ಸಂಜೆ ಆರರ ತನಕ, ಮೇಡಂ ಮತ್ತು ಸಹಾಯಕ ಊರಿನ ಬಾಯಲ್ಲಿದ್ದ ಹಾಲಿನ ಡೈರಿಯ ಜಗಲಿಯಲ್ಲಿ ಕೂತು ಹೋಗಿ ಬರುವುದನ್ನೆಲ್ಲ ಗೀಟು ಹಾಕಿ ಎಣಿಸಿದರು. ನಡೆಯುವವರಿಗೆ ಒಂದು ಕಾಲಂ, ಸೈಕಲ್ಲಿಗೆ ಒಂದು, ಬೈಕು, ಟ್ರ್ಯಾಕ್ಟರು, ಆಟೋ, ಲಾರಿ, ಬಸ್ಸು. ಎರಡು ದಿನ ಮುಗಿದಾಗ ನಡೆಯುವವರ ಕಾಲಂನಲ್ಲಿ ಗೀಟು ಹಾಕಲು ಜಾಗ ಸಾಲದೆ ಪಕ್ಕಕ್ಕೆ ಹಾಳೆ ಅಂಟಿಸಬೇಕಾಗಿತ್ತು. ಬಸ್ಸಿನ ಕಾಲಂ ಹೊಸದರಂತೆ ಶುಭ್ರವಾಗಿತ್ತು.

ಎರಡನೇ ದಿನ ಬೆಳಿಗ್ಗೆ ಏಳಕ್ಕೆ, ತಲೆಯ ಮೇಲೆ ತನ್ನಷ್ಟೇ ಅಗಲದ ಬಟ್ಟೆಗಂಟು ಹೊತ್ತು, ಕೊರಳಲ್ಲಿ ಟೇಪು ನೇತುಹಾಕಿಕೊಂಡು ಒಬ್ಬ ಹೆಂಗಸು ಬಂದಳು. ಊರವರು ಅವಳನ್ನು ಟೈಲರಕ್ಕ ಎನ್ನುತ್ತಿದ್ದರು. ಶಾಲಾ ಸಮವಸ್ತ್ರ ಹೊಲಿದು ಪೇಟೆಯ ಅಂಗಡಿಗೆ ಕೊಡುವುದು ಅವಳ ಕಸುಬು. ಮೇಡಂ ಕೈಯಲ್ಲಿ ಟೇಪು ನೋಡಿದ್ದೇ ಅವಳ ಕಾಲು ನಿಂತಿತು.

"ನೀವೂ ಹೊಲೀತೀರಾ ಅಕ್ಕಾ?"

"ಇಲ್ಲಮ್ಮ, ಅಳೀತೀನಿ ಅಷ್ಟೇ. ಈ ಗಂಟು ಹೊತ್ಕೊಂಡು ಎಲ್ಲೀವರ್ಗೆ?"

"ಹೆದ್ದಾರಿವರ್ಗೆ. ಆರು ಕಿಲೋಮೀಟ್ರು. ಅಲ್ಲಿ ಬಸ್ಸು ಸಿಗುತ್ತೆ. ವಾರಕ್ಕೆ ಎರಡು ಸಲ, ರಸ್ತೆ ಇಲ್ಲದಾಗ್ಲೂ ಹಿಂಗೇ, ಈಗ್ಲೂ ಹಿಂಗೇ. ಮೊದ್ಲು ಕೆಸರಲ್ಲಿ ನಡೀತಿದ್ದೆ, ಈಗ ಡಾಂಬರಲ್ಲಿ ನಡೀತೀನಿ. ಚಪ್ಪಲಿ ಮಾತ್ರ ಬೇಗ ಸವೀತಿದೆ!" ಟೈಲರಕ್ಕ ನಕ್ಕಳು. ಗಂಟು ಅಲ್ಲಾಡಲಿಲ್ಲ.

"ಆಟೋ ಹಿಡೀಬಾರ್ದಾ?"

"ಆಟೋಕ್ಕೆ ಕೊಟ್ರೆ ಹೊಲಿಗೆ ಕೂಲಿ ಅಲ್ಲೇ ಮುಗೀತು."

"ಮತ್ತೆ ಬಸ್ಸು ಯಾಕೆ ಬರ್ತಿಲ್ಲ?"

"ಬಂದಿತ್ತಲ್ಲ, ಒಂದೇ ಒಂದು ಸಲ! ಬಂದ ಬಸ್ಸಿಗೆ ತಿರುಗೋಕೆ ಜಾಗ ಇಲ್ಲ. ಅಂಚು ಬಿಡದೆ ಬಟ್ಟೆ ಕತ್ತರಿಸಿದ ಹಾಗೆ ರಸ್ತೆ ಕತ್ತರಿಸಿದಾರೆ ನೋಡಿ. ಬಟ್ಟೆ ಉಳೀತು, ಅಂಗಿ ಹಾಕ್ಕೊಳಕ್ಕಾಗಲ್ಲ. ಯಾವ ಮಹಾನುಭಾವನ ತಲೆ ಅದು ಅಂತ ಗೊತ್ತಾಗ್ಬೇಕಿತ್ತು ನನಗೆ. ಬೈಯಲ್ಲ ಅಕ್ಕಾ. ಈ ಗಂಟು ಅವನ ತಲೆ ಮೇಲಿಟ್ಟು, ಸ್ವಲ್ಪ ದೂರ ನಡೀಪ್ಪಾ ಅಂತೀನಿ, ಅಷ್ಟೇ."

ಸಹಾಯಕನಿಗೆ ಈ ಮಾತು ಬಹಳ ಹಿಡಿಸಿತು. ಮೇಡಂಗೂ ಹಿಡಿಸಿತು. "ಅವನು ಯಾರು ಅಂತ ನಾನು ಹುಡುಕಿ ಹೇಳ್ತೀನಿ" ಎಂದು ಅವರು ಮಾತು ಕೊಟ್ಟರು. ಮಧ್ಯಾಹ್ನದ ಬಿಸ್ಕತ್ತು ಆ ದಿನ ಬಹಳ ರುಚಿಯಾಗಿತ್ತು.

ಒಬ್ಬಳ ಮಾತು ಸಾಕ್ಷ್ಯವಾಗುವುದಿಲ್ಲ. ಮೇಡಂ ಬಸ್ ಡಿಪೋಗೆ ಹೋದರು. ಡಿಪೋ ಮ್ಯಾನೇಜರು ರಿಜಿಸ್ಟರು ತೆಗೆದು ತೋರಿಸಿದರು. ಮಾರ್ಗ ಮಂಜೂರಾಗಿದೆ, ಬಸ್ಸೂ ಗೊತ್ತುಮಾಡಿದೆ, ವೇಳಾಪಟ್ಟಿಯೂ ಅಚ್ಚಾಗಿದೆ. ಹಾಗಾದರೆ ಬಸ್ಸಿನ ಕೊರತೆ ಕಾರಣವಲ್ಲ. ಪ್ರಾಯೋಗಿಕವಾಗಿ ಓಡಿಸಿದ ದಿನದ ಷರಾದಲ್ಲಿ, 'ಕೊನೆಯ ನಿಲ್ದಾಣದಲ್ಲಿ ಬಸ್ಸು ತಿರುಗಿಸಲು ಗಟ್ಟಿ ಜಾಗವಿಲ್ಲ. ಪಕ್ಕದ ಖಾಲಿ ನಿವೇಶನದಲ್ಲಿ ಮಳೆಗೆ ಚಕ್ರ ಹೂತು ಟ್ರ್ಯಾಕ್ಟರಿನಿಂದ ಎಳೆಸಲಾಯಿತು. ಪ್ರಯಾಣಿಕರನ್ನು ಕೂರಿಸಿಕೊಂಡು ದೂರದವರೆಗೆ ಹಿಮ್ಮುಖ ಚಾಲನೆ ನಿಷಿದ್ಧ. ಮಾರ್ಗ ಸ್ಥಗಿತ' ಎಂದಿತ್ತು. ಮೇಡಂ ಅದರ ಪ್ರತಿ ತೆಗೆದು ಸಹಿ, ಮೊಹರು ಹಾಕಿಸಿಕೊಂಡರು.

ಆಮೇಲೆ ಉಳಿದ ರಸ್ತೆಗಳ ಕಡೆ ನೋಡಿದರು. ಇಪ್ಪತ್ತನಾಲ್ಕರಲ್ಲಿ ಹೀಗೆ ಊರಲ್ಲೇ ಮುಗಿಯುವವು ಒಂಬತ್ತು. ಹಳೆಯ ನಾಲ್ಕರ ತುದಿಯಲ್ಲಿ ಬಸ್ಸು ತಿರುಗಿಸಲು ದುಂಡನೆಯ ಡಾಂಬರು ವೃತ್ತ ಇತ್ತು, ಅವುಗಳಲ್ಲಿ ಮೂರಕ್ಕೆ ಬಸ್ಸು ಓಡುತ್ತಿತ್ತು. ಇನ್ನೊಂದಕ್ಕೆ ಓಡದಿರಲು ಕಾರಣ ಬೇರೆ, ಆ ಊರಲ್ಲಿ ಹತ್ತೇ ಮನೆ. ಹೊಸ ಐದರಲ್ಲಿ ವೃತ್ತವೇ ಇರಲಿಲ್ಲ, ಒಂದಕ್ಕೂ ಬಸ್ಸಿರಲಿಲ್ಲ. ನಾಲ್ಕು ವರ್ಷದ ಹಿಂದೆ ಏನೋ ಆಗಿ ವೃತ್ತಗಳು ಮಾಯವಾಗಿವೆ ಎಂದು ಸಹಾಯಕ ಪಟ್ಟಿಯ ಮೇಲೆ ಬೆರಳಿಟ್ಟು ಹೇಳಿದ.

ಕಾಗದದಲ್ಲಿ ಕಂಡದ್ದನ್ನು ನೆಲದಲ್ಲೂ ನೋಡಬೇಕೆಂದು ಜಂಟಿ ಸ್ಥಳ ಪರಿಶೀಲನೆ ಗೊತ್ತಾಯಿತು. ಡಿಪೋದಿಂದ ಖಾಲಿ ಬಸ್ಸೊಂದು ಬಂತು. ಓಡಿಸಿದ್ದು ದಪ್ಪ ಮೀಸೆಯ ಹಿರಿಯ ಡ್ರೈವರು. ಮೇಡಂ ಕೈಯಲ್ಲಿ ಗಡಿಯಾರ, ಸಹಾಯಕನ ಕೈಯಲ್ಲಿ ಕ್ಯಾಮೆರಾ, ಇಂಜಿನಿಯರನ ಕೈಯಲ್ಲಿ ನಕ್ಷೆ, ಊರವರ ಕೈಯಲ್ಲಿ ಏನೂ ಇರಲಿಲ್ಲವಾದ್ದರಿಂದ ಅವರೆಲ್ಲ ಸಲಹೆ ಕೊಡಲು ನಿಂತರು.

"ಎಡಕ್ಕೆ, ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ, ನಮ್ಮ ಎಡ!"

"ಬರ್ಲಿ, ಬರ್ಲಿ, ಬರ್ಲಿ... ನಿಲ್ಸೀ!"

"ಸ್ವಲ್ಪ ಗೋಡೆ ತಾಗಿದ್ರೂ ಪರ್ವಾಗಿಲ್ಲ ಸಾರ್, ಅದು ನಮ್ಮ ಭಾವಂದು!"

ಹನ್ನೊಂದು ಮೀಟರಿನ ಬಸ್ಸು ನೀರಿನ ಟ್ಯಾಂಕಿನ ಗೋಡೆಗೂ ಟೈಲರಕ್ಕನ ಮನೆಯ ಕಟ್ಟೆಗೂ ನಡುವೆ ಹದಿನಾಲ್ಕು ಸಲ ಮುಂದೆ ಹೋಯಿತು, ಹದಿನಾಲ್ಕು ಸಲ ಹಿಂದೆ ಬಂತು. ಕೊನೆಗೆ ಹಿಂದಿನ ಚಕ್ರ ಚರಂಡಿಗೆ ಇಳಿದು ಕಷ್ಟಪಟ್ಟು ಮೇಲೆ ಬಂತು, ಟೈಲರಕ್ಕನ ಹೂಕುಂಡವೊಂದು ಒಡೆಯಿತು. ಮೀಸೆ ಡ್ರೈವರು ಬೆವರೊರೆಸಿಕೊಂಡು ಕೈ ಚೆಲ್ಲಿದರು. ಒಂಬೈನೂರು ಮೀಟರ್ ಹಿಂದಿದ್ದ ಕ್ವಾರಿ ದಾರಿಯ ಬಾಯಿವರೆಗೆ ಬಸ್ಸು ಹಿಂದೆ ಹಿಂದೆಯೇ ಹೋಗಬೇಕಾಯಿತು, ಕಂಡಕ್ಟರು ಸೀಟಿ ಊದುತ್ತಾ ಅದರ ಬೆನ್ನಿಗೆ ನಡೆದರು. ಮೇಡಂ ಬರೆದುಕೊಂಡರು: ಮೂವತ್ತೊಂದು ನಿಮಿಷ.

ಬಸ್ಸನ್ನು ಮತ್ತೆ ಊರಿಗೆ ತಂದ ಡ್ರೈವರು ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು: "ಹಳೇ ರಸ್ತೆಗಳಲ್ಲಿರೋ ಆ ದೊಡ್ಡ ವೃತ್ತ ಯಾಕೆ ಮೇಡಂ? ಟ್ಯಾಂಕಿನ ಪಕ್ಕದ ಖಾಲಿ ಜಾಗಕ್ಕೆ ರಸ್ತೆಗೆ ಅಡ್ಡವಾಗಿ ಒಂದು ತೋಳು ಕೊಡಿ. ಬಸ್ಸಿನುದ್ದ, ಅದರ ಮೇಲೆ ನಾಲ್ಕು ಹೆಜ್ಜೆ ಸಾಕು. ಮೂತಿ ಒಳಗೆ ಹಾಕ್ತೀನಿ, ಹಿಂದೆ ಬರ್ತೀನಿ, ಮುಂದೆ ಹೋಗ್ತೀನಿ. ಕೆಲಸ ಮುಗೀತು."

ಆ ದಿನ ಜಾಗ ಒಣಗಿ ಗಟ್ಟಿಯಾಗಿತ್ತು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಟೈಲರಕ್ಕ ತನ್ನ ಟೇಪಿನಿಂದ ಮೂಲೆ ಅಳೆದು, "ಇಲ್ಲಿ ಒಂದಂಗುಲ ಓರೆ" ಎಂದು ಇಂಜಿನಿಯರನ ತಪ್ಪು ಹಿಡಿದಳು. ಬಸ್ಸು ಮೂತಿ ಹಾಕಿತು, ಹಿಂದೆ ಬಂತು, ಮುಂದೆ ಹೋಯಿತು. ಒಂದೂವರೆ ನಿಮಿಷ. ಊರವರು ಚಪ್ಪಾಳೆ ತಟ್ಟಿದರು, ಮೀಸೆ ಡ್ರೈವರು ಹಾರ್ನು ಬಾರಿಸಿ ಉತ್ತರ ಕೊಟ್ಟರು. ಇಂಜಿನಿಯರ್ ಅಲ್ಲೇ ಕೂತು ಲೆಕ್ಕ ಹಾಕಿದ: ಈ ತೋಳಿಗೆ ಡಾಂಬರು ಹಾಕಿಸಿದರೆ ಹಳೇ ವೃತ್ತದ ಮೂರನೇ ಒಂದು ಭಾಗದ ಖರ್ಚು.

"ಹಾಗಾದ್ರೆ ಹಾಕ್ಸಪ್ಪ!" ಅಂದರು ಮೇಡಂ.

"ಆಗಲ್ಲ ಮೇಡಂ. ರಸ್ತೆ ತುದೀಲಿ ಅಗಲ ಹೆಚ್ಚಿಸಬಾರ್ದು ಅಂತ ಸುತ್ತೋಲೆ ಇದೆ. ಹಾಕಿಸಿದ್ರೆ ಮುಂದಿನ ಆಡಿಟ್‌ನಲ್ಲಿ ನನ್ನ ಸಂಬಳದಿಂದ ಹಿಡೀತಾರೆ."

"ಯಾವ ಬುದ್ಧಿವಂತ ಹೊರಡಿಸಿದ ಸುತ್ತೋಲೆ ಅದು?"

ಇಂಜಿನಿಯರನ ಮುಖ ಅರಳಿತು. ಅವರನ್ನು ಖುಷಿಪಡಿಸಲು ಎಷ್ಟೋ ದಿನದಿಂದ ಕಾಯುತ್ತಿದ್ದವನ ಹಾಗೆ ಜೀಪಿಗೆ ಓಡಿ ಕಡತ ತಂದ. "ನಿಮ್ಮ ಕಂಡಿಕೆ ಮೇಲೇ ಹೊರಟಿದ್ದು ಮೇಡಂ! ನಮ್ಮ ಆಫೀಸಲ್ಲಿ ಇದು ಎಲ್ಲರಿಗೂ ಬಾಯಿಪಾಠ. ನನಗೆ ಪ್ರಶಸ್ತಿ ಬಂದದ್ದೂ ಇದನ್ನ ಪಾಲಿಸಿದ್ದಕ್ಕೇ."

ಮೇಡಂ ಕನ್ನಡಕ ಏರಿಸಿ ಓದಿದರು. ನಾಲ್ಕು ವರ್ಷದ ಹಿಂದಿನ ವರದಿ, ಅವರದೇ ವಾಕ್ಯ: 'ರಸ್ತೆಯ ತುದಿಯಲ್ಲಿ ಹೆಚ್ಚುವರಿ ಅಗಲಕ್ಕೆ ಮಾಡಿದ ವೆಚ್ಚವನ್ನು ತಪ್ಪಿಸಬಹುದಾಗಿತ್ತು. ಇನ್ನು ಮುಂದೆ ಎಲ್ಲ ಕಾಮಗಾರಿಗಳಲ್ಲಿ ಇದನ್ನು ಕೈಬಿಡಬೇಕು.'

ಅವರು ಕಡತ ಮುಚ್ಚಿದರು. ಕಟ್ಟೆಯ ಮೇಲೆ ಕೂತರು. ಎದುರಿಗೆ ಟೈಲರಕ್ಕ ಒಡೆದ ಕುಂಡದ ಚೂರು ಆರಿಸುತ್ತಾ, "ಏನಕ್ಕಾ, ಆ ಮಹಾನುಭಾವ ಸಿಕ್ಕಿದ್ನಾ?" ಎಂದು ಕೇಳಿದಳು.

"ಹುಡುಕ್ತಾ ಇದೀನಮ್ಮ" ಅಂದರು ಮೇಡಂ. ಮೂವತ್ತೊಂದು ವರ್ಷದಲ್ಲಿ ಅವರು ಕರ್ತವ್ಯದ ಮೇಲೆ ಹೇಳಿದ ಮೊದಲ ಸುಳ್ಳು ಅದು. ಅವರಿಗೆ ಬಹಳ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ದಾಖಲೆ ಕೋಣೆಯಲ್ಲಿ ಧೂಳು ಕುಡಿದು ಹಳೆಯ ಕಡತ ತೆಗೆಸಿದರು. ಅವರು ಆಗ ಕಂಡಿಕೆ ಬರೆದಿದ್ದ ರಸ್ತೆ ಮುಗಿಯುತ್ತಿದ್ದದ್ದು ಒಂದು ನೀರೆತ್ತುವ ಪಂಪುಮನೆಯಲ್ಲಿ. ಅಲ್ಲಿ ಊರಿಲ್ಲ, ಬಸ್ಸಿಲ್ಲ, ವೃತ್ತ ನಿಜಕ್ಕೂ ದಂಡ. ಆ ಒಂದು ರಸ್ತೆಯ ಮಟ್ಟಿಗೆ ಕಂಡಿಕೆ ಸರಿ. ಆದರೆ 'ಎಲ್ಲ ಕಾಮಗಾರಿಗಳಲ್ಲಿ' ಎಂಬ ಮಾತು ಎಲ್ಲಿಂದ ಬಂತು? ಕಡತದಲ್ಲಿ 'ಸ್ಥಳ ಪರಿಶೀಲನೆ' ಎಂಬ ಕಾಲಂ ಎದುರು ಅವರದೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಅಗತ್ಯವಿಲ್ಲ. ನಕ್ಷೆಗಳಿಂದ ಖಚಿತಪಡಿಸಿಕೊಳ್ಳಲಾಗಿದೆ.' ಆ ವಾರ ಜೀಪು ಕೆಟ್ಟಿತ್ತು, ಮಳೆಯೂ ಇತ್ತು. ನಕ್ಷೆಯಲ್ಲಿ ವೃತ್ತ ಬರೀ ಒಂದು ಸೊನ್ನೆಯ ಹಾಗೆ ಕಂಡಿತ್ತು.

ಅಂದು ಸಂಜೆ ಮೇಷ್ಟ್ರು ತಟ್ಟೆಯಲ್ಲಿ ಎರಡನೇ ಪಲ್ಯ ಕಂಡು ಎಂದಿನ ಮಾತಿಗೆ ಬಾಯಿ ತೆರೆದವರು, ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿದರು. ಎಲ್ಲ ಕೇಳಿದ ಮೇಲೆ ಅಂದರು: "ಇಲಾಖೆಯವ್ರು ತಪ್ಪಾಗಿ ಅರ್ಥ ಮಾಡ್ಕೊಂಡ್ರು ಅಂತ ಬರೆದ್ರೆ ಸುಳ್ಳೇನೂ ಆಗಲ್ವಲ್ಲ?"

"ಸುಳ್ಳಾಗಲ್ಲ ರೀ. ಆದ್ರೆ ನನ್ನ ವಾಕ್ಯ ಹಾಗೇ ನಿಂತಿರುತ್ತೆ. ಅದು ನಿಂತಿರೋವರ್ಗೂ ಸುತ್ತೋಲೆ ತೆಗೆಯೋ ಧೈರ್ಯ ಯಾರಿಗೂ ಬರಲ್ಲ. ಸುತ್ತೋಲೆ ಇರೋವರ್ಗೂ ಬಸ್ಸು ಬರಲ್ಲ. ಆ ಹೆಂಗಸು ನಡೀತಾನೇ ಇರ್ತಾಳೆ."

"ಬರೆದ್ರೆ?"

"ಬರೆದ್ರೆ ಮೂವತ್ತೊಂದು ವರ್ಷದ ಹೆಸರು ಮಣ್ಣಾಗುತ್ತೆ. ಬೀಳ್ಕೊಡುಗೆ ದಿನ ಹಾರ ಹಾಕ್ತಾ ನಗ್ತಾರೆ."

ಮೇಷ್ಟ್ರು ತಮ್ಮ ತಟ್ಟೆಯ ಪಲ್ಯದಲ್ಲಿ ಅರ್ಧ ಅವರ ತಟ್ಟೆಗೆ ದಾಟಿಸಿದರು. "ನಗ್ಲಿ ಬಿಡೇ. ಡ್ರಾಯಿಂಗ್ ಕ್ಲಾಸಲ್ಲಿ ನಾನು ದಿನಾ ಹೇಳ್ತಿದ್ದೆ, ರಬ್ಬರು ಇರೋದು ಬೇರೆಯವರ ಚಿತ್ರ ಅಳಿಸೋಕಲ್ಲ ಅಂತ." ಮೇಡಂಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಊಟ ಮುಗಿಸಿ ಇಬ್ಬರೂ ಪಾತ್ರೆ ತೊಳೆದರು.

ಬೆಳಿಗ್ಗೆ ಅವರು ತಮ್ಮ ಆಫೀಸಿನ ದೊಡ್ಡ ಸಾಹೇಬರ ಕೋಣೆಗೆ ಹೋಗಿ ಒಂದು ಪುಟದ ಪತ್ರ ಇಟ್ಟರು. ಈ ವಿಷಯದ ಮೂಲದಲ್ಲಿ ತಾವೇ ಬರೆದ ಶಿಫಾರಸು ಇದೆ, ಆದ್ದರಿಂದ ಹದಿನೇಳನೇ ರಸ್ತೆಯ ಸಾಕ್ಷ್ಯವನ್ನು ತಮ್ಮ ಕೈಯಲ್ಲಿ ಮಾತ್ರ ಬಿಡದೆ ಬೇರೆ ತಂಡದಿಂದ ಮರುಪರಿಶೀಲನೆ ಮಾಡಿಸಬೇಕು ಎಂದು ಅದರಲ್ಲಿತ್ತು. ಸಾಹೇಬರು ಎರಡು ಸಲ ಓದಿದರು.

"ಅಲ್ಲಮ್ಮಾ, ಆಡಿಟ್‌ನವರು ಆಡಿಟ್ ಮೇಲೇ ಕಂಡಿಕೆ ಬರೆದದ್ದು ನಾನು ಎಲ್ಲೂ ನೋಡಿಲ್ಲ. 'ಇಲಾಖೆಯು ವಿವೇಚನೆ ಬಳಸಲಿಲ್ಲ' ಅಂತ ಒಂದು ಸಾಲು ಹಾಕಿ ಮುಗಿಸ್ಬಾರ್ದಾ?"

"ಅದನ್ನೂ ಹಾಕಿದೀನಿ ಸಾರ್, ಅವರದ್ದೂ ತಪ್ಪಿದೆ. ಆದ್ರೆ ಪರಿಣಾಮ ಯಾಕೆ ಬರ್ಲಿಲ್ಲ ಅಂತ ಕಾರಣ ಹುಡುಕೋದು ನಮ್ಮ ಕೆಲಸ. ಕಾರಣ ನಮ್ಮ ಮನೇಲಿ ಸಿಕ್ಕಿದ್ರೆ ಬಚ್ಚಿಡೋದಾ?"

ಸಾಹೇಬರು ಕಿಟಕಿಯಾಚೆ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು, ಮತ್ತೆ ತೆಗೆದು ಸಹಿ ಮಾಡಿದರು. ಬೇರೆ ತಂಡ ಹೋಗಿ ಅಳೆಯಿತು, ಎಣಿಸಿತು, ಡಿಪೋ ರಿಜಿಸ್ಟರು ನೋಡಿತು. ರಸ್ತೆಯ ಉದ್ದದಲ್ಲಿ ಮೇಡಂ ಹೇಳಿದ್ದಕ್ಕಿಂತ ಎರಡು ಮೀಟರ್ ವ್ಯತ್ಯಾಸ ಬಿಟ್ಟರೆ ಎಲ್ಲವೂ ಹೊಂದಿತು. ಮೇಡಂ ಆ ಎರಡು ಮೀಟರನ್ನು ತಿದ್ದಿಕೊಂಡರು.

ಕರಡು ವರದಿ ಇಲಾಖೆಗೆ ಹೋಯಿತು. ಒಂದು ತಿಂಗಳ ನಂತರ ಮುಕ್ತಾಯ ಸಭೆ. ಉದ್ದನೆಯ ಮೇಜು, ಒಂದು ಕಡೆ ಇಲಾಖೆ, ಒಂದು ಕಡೆ ಆಡಿಟ್, ನಡುವೆ ಯಾರೂ ಮುಟ್ಟದ ಬಿಸ್ಕತ್ತು. ಇಲಾಖೆಯ ಕಾರ್ಯದರ್ಶಿ ಕೆಲಸದ ಒತ್ತಡದಲ್ಲಿ ಕರಡನ್ನು ಪೂರ್ತಿ ಓದಿರಲಿಲ್ಲ. ಆದರೆ ಕೈಯಲ್ಲೊಂದು ಬಾಣ ಹಿಡಿದೇ ಬಂದಿದ್ದರು. ಹದಿನೇಳನೇ ರಸ್ತೆಯ ಮಾತು ಬಂದೊಡನೆ ಹಳೆಯ ವರದಿಯನ್ನು ಎತ್ತಿ ಹಿಡಿದರು.

"ಬಸ್ಸು ತಿರುಗೋಕೆ ಜಾಗ ಬಿಡ್ಲಿಲ್ಲ ಅಂತ ಈಗ ನಮ್ಮನ್ನ ಕೇಳ್ತೀರಾ? ಬಿಡಬೇಡಿ ಅಂತ ಹೇಳಿದವ್ರು ಯಾರು? ಆಡಿಟ್ಟೇ ಅಲ್ವಾ? ಓದ್ಲಾ?"

"ಓದೋ ತೊಂದ್ರೆ ತಗೋಬೇಡಿ ಸಾರ್" ಅಂದರು ಮೇಡಂ. "ಕರಡಿನ ನಲವತ್ತೊಂದನೇ ಪುಟದಲ್ಲಿ ನಾವೇ ಬರೆದಿದೀವಿ. ಆ ಶಿಫಾರಸು ಬರೆದವಳು ನಾನೇ."

ಕಾರ್ಯದರ್ಶಿ ಪುಟ ತಿರುವಿದರು. ಅಲ್ಲಿದ್ದದ್ದು ಇಷ್ಟು: 'ಹಿಂದಿನ ಲೆಕ್ಕಪರಿಶೋಧನೆಯು ಒಂದು ರಸ್ತೆಯ ನಕ್ಷೆಯನ್ನು ಮಾತ್ರ ನೋಡಿ, ಸ್ಥಳಕ್ಕೆ ಭೇಟಿ ಕೊಡದೆ, ಎಲ್ಲ ರಸ್ತೆಗಳಿಗೂ ಅನ್ವಯಿಸುವ ಶಿಫಾರಸು ಮಾಡಿತು. ಇಲಾಖೆಯು ಅದನ್ನು ವಿವೇಚಿಸದೆ ಸುತ್ತೋಲೆಯಾಗಿಸಿತು. ಉಳಿಸಿದ ಸಣ್ಣ ಮೊತ್ತದಿಂದ ಇಡೀ ರಸ್ತೆಯ ಮುಖ್ಯ ಉದ್ದೇಶ ಈಡೇರಲಿಲ್ಲ. ಲೆಕ್ಕಪರಿಶೋಧನೆಯ ಈ ಶಿಫಾರಸನ್ನು ತಪ್ಪಿಸಬಹುದಾಗಿತ್ತು.'

ಮೊದಲು ನಕ್ಕಿದ್ದು ಸಹಾಯಕ. ತಡೆಯಲು ನೋಡಿದ, ಆಗಲಿಲ್ಲ. ಆಮೇಲೆ ಇಂಜಿನಿಯರ್, ಆಮೇಲೆ ದೊಡ್ಡ ಸಾಹೇಬರು, ಕೊನೆಗೆ ಕಾರ್ಯದರ್ಶಿಯೂ. ಬಾಣ ಹಿಡಿದ ಕೈಗೆ ಈಗ ಮಾಡಲು ಕೆಲಸವಿರಲಿಲ್ಲ, ಅವರು ಆ ಕೈಯಿಂದ ಬಿಸ್ಕತ್ತಿನ ತಟ್ಟೆಯನ್ನು ಮೇಡಂ ಕಡೆ ತಳ್ಳಿದರು. "ಸುತ್ತೋಲೆ ವಾಪಸ್ ತಗೋತೀವಿ. ಆ ತೋಳೋ ಏನೋ, ಅದರ ಅಂದಾಜು ಕಳಿಸಿ" ಎಂದು ಇಂಜಿನಿಯರನಿಗೆ ಹೇಳಿದರು. ಸಭೆಯ ನಡಾವಳಿಯಲ್ಲಿ ಎರಡೂ ಕಡೆಯವರು ಸಹಿ ಹಾಕಿದರು.

ನಿವೃತ್ತಿಗೆ ಮೂರು ವಾರ ಇದ್ದಾಗ ಅನುಪಾಲನೆ ಪರಿಶೀಲನೆಗೆ ಹೋಗುವ ಸರದಿ ಬಂತು. ಹೇಳಿದ್ದು ಆಗಿದೆಯೋ ಇಲ್ಲವೋ ಕಣ್ಣಾರೆ ನೋಡಿ ಬರುವ ಕೆಲಸ. ಜೀಪು ಸಿದ್ಧವಿದ್ದರೂ ಮೇಡಂ ಹೆದ್ದಾರಿಯಲ್ಲಿ ಇಳಿದು ಊರಿನ ಬಸ್ಸು ಹತ್ತಿದರು. ಟ್ಯಾಂಕಿನ ಪಕ್ಕ ಕರ್ರಗೆ ಹೊಳೆಯುವ ತೋಳು ಬಂದಿತ್ತು. ಟೇಪು ಹಿಡಿದು ಅಳೆದರು, ದಪ್ಪ ನೋಡಿದರು. ಮೀಸೆ ಡ್ರೈವರು ಮೂರೇ ಹೆಜ್ಜೆಯಲ್ಲಿ ತಿರುಗಿಸಿ, ಸಲಾಮು ಹೊಡೆದು, ಹಾರ್ನು ಬಾರಿಸಿದರು.

ವಾಪಸು ಹೊರಟ ಬಸ್ಸಿನಲ್ಲಿ ಟೈಲರಕ್ಕ ಪಕ್ಕಕ್ಕೇ ಬಂದು ಕೂತಳು. ಗಂಟು ಇಬ್ಬರ ಮೊಣಕಾಲ ಮೇಲೂ ಹರಡಿಕೊಂಡಿತು. ಈಗ ವಾರಕ್ಕೆ ನಾಲ್ಕು ಸಲ ಪೇಟೆಗೆ ಹೋಗುತ್ತೇನೆಂದೂ, ಇನ್ನೊಂದು ಮಿಷನ್ ಕೊಂಡೆನೆಂದೂ, ಇಂಜಿನಿಯರಪ್ಪ ಹೊಸ ಹೂಕುಂಡ ತಂದುಕೊಟ್ಟನೆಂದೂ ಒಂದೇ ಉಸಿರಿನಲ್ಲಿ ಹೇಳಿದಳು. ಆಮೇಲೆ ಏನೋ ನೆನಪಾಗಿ ತಿರುಗಿದಳು.

"ಅಲ್ಲಕ್ಕಾ, ಮಾತು ಕೊಟ್ಟಿದ್ರಲ್ಲ. ಆ ಮಹಾನುಭಾವ ಸಿಕ್ಕಿದ್ನಾ?"

ಮೇಡಂ ಈ ಪ್ರಶ್ನೆಗೇ ಬಂದಿದ್ದರು. ಬೇರೆಯದೆಲ್ಲವನ್ನೂ ಸಹಾಯಕನೊಬ್ಬನೇ ಬಂದು ನೋಡಬಹುದಿತ್ತು.

"ಸಿಕ್ಕಿದ. ಅವನಲ್ಲ, ಅವಳು. ನಾನೇ ಕಣಮ್ಮ ಅದು. ನಾಲ್ಕು ವರ್ಷದ ಹಿಂದೆ, ಇಲ್ಲಿಗೆ ಬರದೇನೇ ಬರೆದುಬಿಟ್ಟೆ."

ಟೈಲರಕ್ಕ ಅವರ ಮುಖವನ್ನೇ ನೋಡಿದಳು. ಬಸ್ಸು ಕ್ವಾರಿ ದಾರಿ ದಾಟಿತು, ಡೈರಿಯ ಹಾಲಿನ ಗಾಡಿ ದಾಟಿತು.

"ನಾನು ಏನು ಹೇಳಿದ್ದೆ, ನೆನಪಿದ್ಯಾ?" ಎಂದಳು ಟೈಲರಕ್ಕ.

"ನೆನಪಿದೆ."

ಹೆದ್ದಾರಿ ಬಂತು. ಪೇಟೆಯ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿ, ಇನ್ನೂರು ಹೆಜ್ಜೆ ಮುಂದೆ. ಕೆಳಗಿಳಿದದ್ದೇ ಮೇಡಂ ಬ್ಯಾಗು, ಛತ್ರಿ ಎರಡನ್ನೂ ಟೈಲರಕ್ಕನ ಕೈಗೆ ಕೊಟ್ಟು, ತಲೆ ಬಗ್ಗಿಸಿ ನಿಂತರು. ಟೈಲರಕ್ಕ ಒಂದು ಗಳಿಗೆ ಅನುಮಾನಿಸಿ, ಒಂದು ತುಂಡುಬಟ್ಟೆಯ ಸಿಂಬಿ ಸುತ್ತಿ ಅವರ ತಲೆಗಿಟ್ಟು, ಮೇಲೆ ಗಂಟು ಕೂರಿಸಿದಳು.

ಹದಿನೈದು ಹೆಜ್ಜೆಗೆ ಮೇಡಂ ಕುತ್ತಿಗೆ ಕಳಚಿ ಬೀಳುವಂತಾಯಿತು. ಐವತ್ತಕ್ಕೆ ಕನ್ನಡಕ ಜಾರಿತು. "ಸಾಕು ಬಿಡಕ್ಕಾ, ತಮಾಷೆಗೆ ಹೇಳಿದ್ದು" ಎಂದು ಟೈಲರಕ್ಕ ನಗುತ್ತಾ ಪಕ್ಕದಲ್ಲಿ ಓಡಿ ಬಂದಳು.

"ಸುಮ್ನಿರಮ್ಮ, ಎಣಿಸ್ತಾ ಇದೀನಿ" ಅಂದರು ಮೇಡಂ, ಮತ್ತು ಇನ್ನೂರನ್ನೂ ನಡೆದರು.